ಪ್ರಯಾಣದ ಖರ್ಚಿನ ಫಾರ್ಮ್: ತಪ್ಪಿಲ್ಲದೆ ತುಂಬುವಂತೆ ರೂಪಿಸುವುದು ಹೇಗೆ?

ನಾನು ಮೊದಲು ಲೆಕ್ಕ ನೋಡುತ್ತಿದ್ದ ಒಂದು ಸಂಸ್ಥೆಯಲ್ಲಿ ಒಂದೇ ಫಾರ್ಮ್ ಮೂರು ಸಲ ವಾಪಸ್ ಹೋಗಿತ್ತು. ಧಾರವಾಡದಿಂದ ಹಾವೇರಿ, ರಾಣೆಬೆನ್ನೂರಿಗೆ ಹೋಗಿ ಬಂದಿದ್ದ ಕಾರ್ಯಕರ್ತೆಯೊಬ್ಬರು ಅದನ್ನು ತುಂಬಿದ್ದರು. ಮೊದಲ ಸಲ ದಿನಾಂಕ ತಪ್ಪು ಅಂತ ವಾಪಸ್. ಎರಡನೇ ಸಲ ಯಾವ ಬಿಲ್ ಯಾವ ಸಾಲಿನದು ಗೊತ್ತಾಗಲಿಲ್ಲ ಅಂತ ವಾಪಸ್. ಮೂರನೇ ಸಲ ‘ಬಾಕಿ’ ಅನ್ನುವ ಕಡೆ ಉಲ್ಟಾ ಬರೆದಿದ್ದಾರೆ ಅಂತ ವಾಪಸ್. ವಾಪಸ್ ಕಳಿಸಿದವಳು ನಾನೇ.

ಆಮೇಲೆ ಕೂತು ನೋಡಿದಾಗ ಮೂರೂ ತಪ್ಪು ಫಾರ್ಮಿನದೇ ಆಗಿದ್ದವು. ‘ದಿನಾಂಕ’ ಅಂತ ಒಂದೇ ಜಾಗ ಇತ್ತು. ಹೊರಟ ದಿನವೋ, ಬಿಲ್ ದಿನವೋ, ಫಾರ್ಮ್ ಕೊಡುವ ದಿನವೋ ಹೇಳಿರಲಿಲ್ಲ. ‘ಬಾಕಿ’ ಅಂದರೆ ಯಾರಿಂದ ಯಾರಿಗೆ ಅಂತಲೂ ಇರಲಿಲ್ಲ. ಅವರು ಓದಿ, ಅರ್ಥ ಮಾಡಿಕೊಂಡೇ ಬರೆದಿದ್ದರು. ನಮ್ಮ ಮನಸ್ಸಿನಲ್ಲಿದ್ದ ಅರ್ಥ ಮಾತ್ರ ಬೇರೆ ಇತ್ತು.

ಹತ್ತರಿಂದ ಐವತ್ತು ಜನ ಇರುವ ಸಂಸ್ಥೆ, ಟ್ರಸ್ಟ್, ಸಹಕಾರ ಸಂಘ ಅಥವಾ ಸಣ್ಣ ಕಂಪನಿಗೆ ಇಂಥ ಫಾರ್ಮನ್ನು ಹೇಗೆ ಮಾಡುವುದು ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಆ ಹಾವೇರಿ ಪ್ರವಾಸವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಮೊತ್ತಗಳು ಮಾತ್ರ ಲೆಕ್ಕ ತೋರಿಸಲು ಹಾಕಿದ್ದು.

1. ಮೊದಲು ಹಳೆಯ ಫಾರ್ಮ್‌ಗಳನ್ನು ಹರಡಿಕೊಳ್ಳಿ

ಕಂಪ್ಯೂಟರ್ ಈಗಲೇ ತೆರೆಯಬೇಡಿ. ಫೈಲಿನಿಂದ ಇತ್ತೀಚಿನ ಇಪ್ಪತ್ತು, ಇಪ್ಪತ್ತೈದು ಫಾರ್ಮ್ ತೆಗೆದು ಮೇಜಿನ ಮೇಲೆ ಹರಡಿ. ಖಾಲಿ ಫಾರ್ಮಿನ ಒಂದು ಜೆರಾಕ್ಸ್ ಪಕ್ಕದಲ್ಲಿರಲಿ. ತುಂಬಿದ ಫಾರ್ಮಿನಲ್ಲಿ ಎಲ್ಲಿ ಹೊಡೆದು ಬರೆದಿದ್ದಾರೆ, ಎಲ್ಲಿ ಖಾಲಿ ಬಿಟ್ಟಿದ್ದಾರೆ, ಎಲ್ಲಿ ಅಂಚಿನಲ್ಲಿ ಸಣ್ಣದಾಗಿ ಏನೋ ಸೇರಿಸಿದ್ದಾರೆ ನೋಡಿ. ಆಯಾ ಜಾಗದಲ್ಲಿ ಜೆರಾಕ್ಸ್ ಮೇಲೆ ಒಂದೊಂದು ಕೆಂಪು ಗೆರೆ ಎಳೆಯುತ್ತಾ ಹೋಗಿ. ಲೆಕ್ಕದವರು ಪೆನ್ಸಿಲ್‌ನಲ್ಲಿ ತಿದ್ದಿದ್ದಕ್ಕೂ ಒಂದು ಗೆರೆ.

ಅರ್ಧ ಗಂಟೆಯಲ್ಲಿ ಗೆರೆಗಳು ಮೂರ್ನಾಲ್ಕು ಕಡೆ ಗುಂಪಾಗಿ ನಿಲ್ಲುತ್ತವೆ. ಒಬ್ಬರೇ ಎಲ್ಲ ಕಡೆ ತಪ್ಪು ಮಾಡಿದ್ದರೆ ಅವರಿಗೆ ಹೇಳಿಕೊಟ್ಟರೆ ಸಾಕು. ಬೇರೆ ಬೇರೆ ಜನ ಒಂದೇ ಕಡೆ ತಪ್ಪಿದ್ದರೆ ಬದಲಾಗಬೇಕಾದದ್ದು ಫಾರ್ಮ್.

ಅಂಚಿನಲ್ಲಿ ಬರೆದ ಮಾತುಗಳನ್ನು ವಿಶೇಷವಾಗಿ ಓದಿ. ‘ಆಟೊದವನು ಬಿಲ್ ಕೊಡಲಿಲ್ಲ’ ಅಂತ ನಾಲ್ಕು ಜನ ಬರೆದಿದ್ದರೆ, ಅದಕ್ಕೊಂದು ಜಾಗ ಬೇಕು ಅಂತ ಅವರೇ ಹೇಳಿದ ಹಾಗಾಯಿತು.

2. ಪ್ರತಿ ಜಾಗವನ್ನೂ ಓದುವವರು ಯಾರು ಅಂತ ಕೇಳಿ

ಈಗ ಖಾಲಿ ಫಾರ್ಮ್ ಹಿಡಿದು ಅದು ಹೋಗುವ ದಾರಿಯಲ್ಲೇ ಹೋಗಿ. ಮೇಲ್ವಿಚಾರಕರ ಹತ್ತಿರ, ಲೆಕ್ಕದವರ ಹತ್ತಿರ, ಸಹಿ ಹಾಕುವ ಕಾರ್ಯದರ್ಶಿಯ ಹತ್ತಿರ. ಒಂದೊಂದು ಜಾಗದ ಮೇಲೂ ಬೆರಳಿಟ್ಟು ‘ಇದನ್ನು ನೋಡಿ ನೀವು ಏನು ಮಾಡ್ತೀರಿ?’ ಅಂತ ಕೇಳಿ. ಯಾರೂ ಏನೂ ಮಾಡುವುದಿಲ್ಲ ಅಂತಾದರೆ ಆ ಜಾಗ ತೆಗೆಯಿರಿ. ನಮ್ಮ ಫಾರ್ಮಿನಲ್ಲಿ ‘ತಂದೆಯ ಹೆಸರು’ ಇತ್ತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ನೌಕರಿ ಅರ್ಜಿಯನ್ನೇ ತಿದ್ದಿ ಇದನ್ನು ಮಾಡಿದ್ದರು.

ಬ್ಯಾಂಕ್ ವಿವರ ಪ್ರತಿ ಸಲ ಕೇಳಬೇಡಿ. ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಅಕ್ಷರ ಇರುತ್ತವೆ. ಐದನೆಯದು ಸೊನ್ನೆ. ಕೈಯಲ್ಲಿ ಬರೆಯುವಾಗ ಅದನ್ನು ಇಂಗ್ಲಿಷಿನ ಓ ಅಕ್ಷರದಂತೆ ಬರೆಯುವವರೇ ಜಾಸ್ತಿ. ಸೇರಿದಾಗ ಒಮ್ಮೆ ಪಾಸ್‌ಬುಕ್ಕಿನ ಜೆರಾಕ್ಸ್ ತೆಗೆದುಕೊಂಡು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಫಾರ್ಮಿನಲ್ಲಿ ‘ನನ್ನ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಒಂದು ಚಿಕ್ಕ ಚೌಕ ಇದ್ದರೆ ಸಾಕು.

3. ಒಂದು ಜಾಗಕ್ಕೆ ಒಂದೇ ಪ್ರಶ್ನೆ

ಅತಿ ಹೆಚ್ಚು ತಪ್ಪುಗಳು ಇಲ್ಲೇ ಹುಟ್ಟುತ್ತವೆ. ‘ದಿನಾಂಕ’ ಅನ್ನುವುದು ಒಂದು ಪ್ರಶ್ನೆಯಂತೆ ಕಾಣುತ್ತದೆ, ಆದರೆ ಅದರಲ್ಲಿ ಮೂರು ಪ್ರಶ್ನೆ ಅಡಗಿವೆ. ಬಿಡಿಸಿ ಕೇಳಿ:

- ಯಾವ ದಿನ ಹೊರಟಿರಿ?
- ಯಾವ ದಿನ ಮರಳಿದಿರಿ?
- ಈ ಫಾರ್ಮ್ ಕೊಡುತ್ತಿರುವ ದಿನ

ಬಿಲ್ಲಿನ ದಿನಾಂಕ ಮೇಲ್ಗಡೆ ಬೇಡವೇ ಬೇಡ. ಅದು ಖರ್ಚಿನ ಪಟ್ಟಿಯಲ್ಲಿ ಆಯಾ ಸಾಲಿಗೆ ಸೇರಿದ್ದು.

ರಜೆ ಅರ್ಜಿಯಲ್ಲೂ ಇದೇ ಕಾಟ. ‘ದಿನಾಂಕ ____ರಿಂದ ____ರವರೆಗೆ’ ಅಂತ ಇದ್ದರೆ ಕೆಲವರು ಎರಡನೇ ಜಾಗದಲ್ಲಿ ರಜೆಯ ಕೊನೆಯ ದಿನ ಬರೆಯುತ್ತಾರೆ, ಕೆಲವರು ಕೆಲಸಕ್ಕೆ ಬರುವ ದಿನ ಬರೆಯುತ್ತಾರೆ. ಒಂದು ದಿನದ ವ್ಯತ್ಯಾಸ, ತಿಂಗಳ ಕೊನೆಯಲ್ಲಿ ಸಂಬಳದ ಜಗಳ. ‘ರಜೆಯ ಮೊದಲ ದಿನ’, ‘ರಜೆಯ ಕೊನೆಯ ದಿನ’, ‘ಕೆಲಸಕ್ಕೆ ಬರುವ ದಿನ’ ಅಂತ ಮೂರನ್ನೂ ಕೇಳಿದರೆ ಒಂದು ತಪ್ಪಿದರೂ ಇನ್ನೊಂದು ಹಿಡಿದುಕೊಡುತ್ತದೆ.

ಇನ್ನು ‘ಬಾಕಿ’. ಅಡ್ವಾನ್ಸ್ ಪಡೆದು ಹೋದವರಿಗೆ ಖರ್ಚು ಜಾಸ್ತಿಯಾದರೆ ಸಂಸ್ಥೆ ಕೊಡಬೇಕು. ಕಡಿಮೆಯಾದರೆ ಅವರು ವಾಪಸ್ ಕಟ್ಟಬೇಕು. ಎರಡಕ್ಕೂ ‘ಬಾಕಿ’ ಅಂತಲೇ ಅನ್ನುತ್ತೇವೆ, ಅಲ್ವಾ? ಅದಕ್ಕೇ ಎರಡು ಬೇರೆ ಜಾಗ ಮಾಡಿ: ‘ನನಗೆ ಬರಬೇಕಾದದ್ದು ₹’ ಮತ್ತು ‘ನಾನು ವಾಪಸ್ ಕಟ್ಟಬೇಕಾದದ್ದು ₹’. ಪಕ್ಕದಲ್ಲಿ ‘ಎರಡರಲ್ಲಿ ಒಂದನ್ನು ಮಾತ್ರ ತುಂಬಿ’ ಅಂತ ಬರೆಯಿರಿ.

4. ಖರ್ಚಿನ ಪಟ್ಟಿ: ಒಂದು ಬಿಲ್, ಒಂದು ಸಾಲು

ಫಾರ್ಮಿನ ಮುಖ್ಯ ಭಾಗ ಇದು. ತುಂಬಾ ಫಾರ್ಮ್‌ಗಳಲ್ಲಿ ‘ಬಸ್’, ‘ಊಟ’, ‘ವಸತಿ’, ‘ಇತರೆ’ ಅಂತ ನಾಲ್ಕು ಮೊತ್ತ ಮಾತ್ರ ಕೇಳುತ್ತಾರೆ. ಆಗ ತುಂಬುವವರು ಬಿಲ್‌ಗಳನ್ನು ಬೇರೆ ಕಾಗದದಲ್ಲಿ ಕೂಡಿ ಬರೆಯುತ್ತಾರೆ. ಲೆಕ್ಕದವರು ಮತ್ತೆ ಬಿಡಿಸಿ ಕೂಡುತ್ತಾರೆ. ಮೊತ್ತ ಹೊಂದದಿದ್ದರೆ ಯಾವ ಬಿಲ್ ತಪ್ಪಿದೆ ಅಂತ ಹುಡುಕಲು ದಾರಿಯೇ ಇಲ್ಲ.

ಬದಲಿಗೆ ಆರು ಕಾಲಂ ಇರುವ ಪಟ್ಟಿ ಮಾಡಿ: ಕ್ರಮಸಂಖ್ಯೆ, ದಿನಾಂಕ, ಯಾವುದಕ್ಕೆ ಖರ್ಚು, ಬಿಲ್ ಇಲ್ಲ, ಕೇಳಿದ ಮೊತ್ತ, ಮಂಜೂರಾದ ಮೊತ್ತ. ಕ್ರಮಸಂಖ್ಯೆಯನ್ನು 1ರಿಂದ 10ರವರೆಗೆ ನೀವೇ ಮುದ್ರಿಸಿ. ಪಟ್ಟಿಯ ನೆತ್ತಿಯ ಮೇಲೆ ಹೀಗೆ ಬರೆಯಿರಿ: ‘ಒಂದು ಬಿಲ್ಲಿಗೆ ಒಂದು ಸಾಲು. ಸಾಲಿನ ಸಂಖ್ಯೆಯನ್ನು ಬಿಲ್ಲಿನ ಮೇಲೂ ಬರೆಯಿರಿ.’ ಈ ಎರಡು ವಾಕ್ಯಗಳಿಂದ ನಮ್ಮಲ್ಲಿ ಬಿಲ್ ಹುಡುಕುವ ಕೆಲಸವೇ ನಿಂತುಹೋಯಿತು.

‘ಬಿಲ್ ಇಲ್ಲ’ ಕಾಲಂ ಚಿಕ್ಕದು, ಟಿಕ್ ಮಾಡಲು ಮಾತ್ರ. ಆಟೊ, ಹಮಾಲಿ, ಹಳ್ಳಿಯ ಚಹಾ ಅಂಗಡಿ, ಇಲ್ಲೆಲ್ಲ ಬಿಲ್ ಸಿಗುವುದಿಲ್ಲ. ಟಿಕ್ ಮಾಡುವ ಜಾಗ ಇಲ್ಲದಿದ್ದರೆ ಜನ ಎಲ್ಲಿಂದಲೋ ಬಿಳಿ ಚೀಟಿ ತಂದು ಬಿಲ್ ಮಾಡಿ ಲಗತ್ತಿಸುತ್ತಾರೆ. ಅದಕ್ಕಿಂತ ‘ಬಿಲ್ ಇಲ್ಲ’ ಅಂತ ನೇರವಾಗಿ ಹೇಳಲು ಬಿಡುವುದು ಎಷ್ಟೋ ವಾಸಿ. ಬಿಲ್ ಇಲ್ಲದೆ ಒಂದು ಸಾಲಿಗೆ ಎಷ್ಟರವರೆಗೆ ಕೊಡುತ್ತೀರಿ ಅನ್ನುವುದನ್ನು ಸಂಸ್ಥೆ ಮೊದಲೇ ತೀರ್ಮಾನಿಸಿ ಅಲ್ಲೇ ಮುದ್ರಿಸಬೇಕು.

ಕರ್ನಾಟಕದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಾರೆ. ಕಂಡಕ್ಟರ್ ಕೊಡುವುದು ಶೂನ್ಯ ಟಿಕೆಟ್. ಹಣ ಕೊಟ್ಟಿಲ್ಲವಲ್ಲ ಅಂತ ಅದನ್ನು ಬರೆಯದೇ ಬಿಟ್ಟರೆ ಹಾವೇರಿಗೆ ಹೋದದ್ದಕ್ಕೆ ದಾಖಲೆಯೇ ಇರುವುದಿಲ್ಲ. ಮಧ್ಯದಲ್ಲಿ ಒಂದು ಲಾಡ್ಜ್ ಬಿಲ್ ಮಾತ್ರ ತೇಲುತ್ತಿರುತ್ತದೆ. ‘ಶೂನ್ಯ ಟಿಕೆಟ್ ಇದ್ದರೆ ₹0 ಎಂದು ಬರೆದು ಟಿಕೆಟ್ ಲಗತ್ತಿಸಿ’ ಅಂತ ಪಟ್ಟಿಯ ಕೆಳಗೆ ಒಂದು ಸಾಲು ಹಾಕಿ.

ಬಸ್ ಟಿಕೆಟ್‌ಗಳು ಶಾಖದಿಂದ ಅಚ್ಚಾಗುವ ಕಾಗದದ ಮೇಲೆ ಬರುತ್ತವೆ. ಬಿಸಿಲಿಗೆ, ಅಂಟಿಗೆ ಮಾಸಿಹೋಗುತ್ತವೆ. ಆಡಿಟ್ ಹೊತ್ತಿಗೆ ಬಿಳಿ ಚೀಟಿಯಷ್ಟೇ ಉಳಿದಿರುತ್ತದೆ. ಹಾಗಾಗಿ ಅಕ್ಷರದ ಮೇಲೆ ಅಂಟು ಹಚ್ಚದೆ ತುದಿಯಲ್ಲಿ ಪಿನ್ ಮಾಡಲು ಹೇಳಿ. ಜೊತೆಗೆ ಜೆರಾಕ್ಸ್ ಇಡಿಸಿ.

5. ಸೂಚನೆ ಬೇಕಾದ ಜಾಗದಲ್ಲೇ ಇರಲಿ

ಹಿಂಬದಿಯಲ್ಲಿ ಹದಿನಾಲ್ಕು ಸೂಚನೆ ಅಚ್ಚು ಮಾಡಿದರೆ ಯಾರೂ ತಿರುಗಿಸಿ ನೋಡುವುದಿಲ್ಲ. ಪೆನ್ನು ಯಾವ ಜಾಗದಲ್ಲಿದೆಯೋ ಕಣ್ಣೂ ಅಲ್ಲೇ ಇರುತ್ತದೆ. ಆದ್ದರಿಂದ ಪ್ರಶ್ನೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಜಾಗಕ್ಕೆ ಸೇರಿದ ಸೂಚನೆ ಮಾತ್ರ ಬರೆಯಿರಿ.

ಭಾಷೆಯೂ ಮುಖ್ಯ. ‘ಮೇಲ್ಕಂಡ ವೆಚ್ಚಗಳ ಮೂಲ ರಸೀದಿಗಳನ್ನು ಕಡ್ಡಾಯವಾಗಿ ಲಗತ್ತಿಸತಕ್ಕದ್ದು’ ಅನ್ನುವುದಕ್ಕಿಂತ ‘ಮೂಲ ಬಿಲ್ ಲಗತ್ತಿಸಿ’ ಸಾಕು. ‘ಪ್ರವಾಸದ ಉದ್ದೇಶ’ ಅಂತ ಕೇಳಿದರೆ ‘ಕೆಲಸದ ನಿಮಿತ್ತ’ ಅಂತ ಉತ್ತರ ಬರುತ್ತದೆ. ‘ಎಲ್ಲಿಗೆ ಹೋಗಿದ್ದಿರಿ? ಅಲ್ಲಿ ಏನು ಕೆಲಸ ಮಾಡಿದಿರಿ?’ ಅಂತ ಎರಡಾಗಿ ಕೇಳಿ ನೋಡಿ. ‘ಹಾವೇರಿ, ರಾಣೆಬೆನ್ನೂರು. ಎರಡು ಸ್ವಸಹಾಯ ಸಂಘಗಳ ಲೆಕ್ಕ ಪುಸ್ತಕ ನೋಡಿದೆ’ ಅಂತ ಬರುತ್ತದೆ.

ಸಾಧ್ಯವಾದರೆ ಮೊದಲ ಸಾಲನ್ನು ಮಾದರಿಯಾಗಿ ತುಂಬಿಯೇ ಮುದ್ರಿಸಿ, ತಿಳಿ ಬೂದು ಬಣ್ಣದಲ್ಲಿ. ಅದನ್ನು ನೋಡಿದರೆ ದಿನಾಂಕ ಹೇಗೆ ಬರೆಯಬೇಕು, ವಿವರ ಎಷ್ಟಿರಬೇಕು ಅಂತ ಬೇರೆ ಹೇಳಬೇಕಾಗುವುದಿಲ್ಲ. ಆ ಸಾಲಿಗೆ ಸಂಖ್ಯೆ ಬೇಡ, ‘ಮಾದರಿ’ ಅಂತ ಬರೆಯಿರಿ. ಇಲ್ಲವಾದರೆ ಯಾರೋ ಅದನ್ನೂ ಕೂಡಿಬಿಡುತ್ತಾರೆ.

6. ಕಾಗದದ ಮೇಲೆ ಅಳತೆ

ಎ4 ಕಾಗದ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಎಡಗಡೆ 25 ಮಿ.ಮೀ. ಅಂಚು ಬಿಡಿ, ಪಂಚ್ ಮಾಡಿ ಫೈಲಿಗೆ ಹಾಕಿದಾಗ ಅಕ್ಷರ ತೂತಾಗುವುದಿಲ್ಲ. ಬಲಗಡೆ 15 ಸಾಕು. ಉಳಿಯುವುದು 170 ಮಿ.ಮೀ. ಅದನ್ನು ನಾನು ಹೀಗೆ ಹಂಚುತ್ತೇನೆ: ಕ್ರಮಸಂಖ್ಯೆಗೆ 12, ದಿನಾಂಕಕ್ಕೆ 24, ವಿವರಕ್ಕೆ 66, ‘ಬಿಲ್ ಇಲ್ಲ’ಕ್ಕೆ 16, ಎರಡು ಮೊತ್ತಗಳಿಗೆ 26ರಂತೆ.

ಸಾಲಿನ ಎತ್ತರ 9 ಮಿ.ಮೀ.ಗಿಂತ ಕಡಿಮೆ ಬೇಡ. ಕನ್ನಡದಲ್ಲಿ ಕೈಬರಹಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡಕ್ಕೂ ಜಾಗ ಬೇಕು. ‘ರಾಣೆಬೆನ್ನೂರು’ ಅಂತ 6 ಮಿ.ಮೀ. ಸಾಲಿನಲ್ಲಿ ಬರೆದು ನೋಡಿ, ಒತ್ತು ಕೆಳಗಿನ ಸಾಲಿಗೆ ಇಳಿಯುತ್ತದೆ. ಹತ್ತು ಸಾಲಿಗೆ 90 ಮಿ.ಮೀ. ಆಗುತ್ತದೆ. ಉಳಿದದ್ದೆಲ್ಲ ಒಂದೇ ಪುಟದಲ್ಲಿ ಹಿಡಿಯುತ್ತದೆ.

ಪ್ರಶ್ನೆಯ ಹೆಸರನ್ನು ಜಾಗದ ಎಡಕ್ಕೆ ಹಾಕದೆ ಮೇಲೆ ಹಾಕಿ. ನಮ್ಮ ಪದಗಳು ಉದ್ದ, ಎಡಗಡೆ ಹಾಕಿದರೆ ಬರೆಯಲು ಉಳಿಯುವುದು ಎರಡು ಬೆರಳಷ್ಟೇ. ಕಚೇರಿಯವರು ತುಂಬುವ ಜಾಗಕ್ಕೆ ತುಂಬಾ ತಿಳಿಯಾದ ಬೂದು ಬಣ್ಣ ಹಾಕಿ, ‘ಕಚೇರಿಗೆ ಮಾತ್ರ’ ಅಂತ ಬರೆಯಿರಿ. ಗಾಢ ಬೂದು ಬೇಡ. ಜೆರಾಕ್ಸ್ ಮಾಡಿದಾಗ ಕಪ್ಪು ಚುಕ್ಕೆಗಳಾಗಿ ಮೇಲೆ ಬರೆದದ್ದು ಕಾಣುವುದಿಲ್ಲ.

ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಹಂಚಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆಯುತ್ತದೆ. ಆಗ ಊರಿನ ಕಚೇರಿಯವರು ಹಳೆಯ ಜೆರಾಕ್ಸಿಗೇ ಮರಳುತ್ತಾರೆ.

7. ಸಹಿಯ ಚೌಕ: ಸಹಿ ಏನು ಹೇಳುತ್ತದೆ?

ಫಾರ್ಮಿನ ಕೊನೆಯಲ್ಲಿ ಮೂರು ಗೆರೆ, ಕೆಳಗೆ ‘ಸಹಿ’, ‘ಸಹಿ’, ‘ಸಹಿ’. ಇದು ಎಲ್ಲ ಕಡೆ ಕಾಣುತ್ತದೆ. ಇಲ್ಲಿ ಏನಾಗುತ್ತದೆ ಅಂದರೆ, ಮೊದಲನೆಯವರು ಮುಂದಿನವರು ನೋಡುತ್ತಾರೆ ಅಂತ ಸಹಿ ಹಾಕುತ್ತಾರೆ. ಕೊನೆಯವರು ಹಿಂದಿನವರು ನೋಡಿದ್ದಾರೆ ಅಂತ ಸಹಿ ಹಾಕುತ್ತಾರೆ. ಬಿಲ್ ಯಾರೂ ನೋಡಿರುವುದಿಲ್ಲ.

ಪ್ರತಿ ಸಹಿಯ ಮೇಲೆ ಒಂದು ವಾಕ್ಯ ಬರೆಯಿರಿ. ಅದು ಆ ವ್ಯಕ್ತಿ ಮಾತ್ರ ಹೇಳಬಲ್ಲ ಮಾತಾಗಿರಬೇಕು. ನಾವು ಬಳಸಿದ್ದು ಇವು:

1. ಖರ್ಚು ಮಾಡಿದವರು: ‘ಈ ಖರ್ಚು ಸಂಸ್ಥೆಯ ಕೆಲಸಕ್ಕೆ ಆಗಿದೆ. ಇದೇ ಖರ್ಚನ್ನು ಬೇರೆಲ್ಲೂ ಕೇಳಿಲ್ಲ.’
2. ಮೇಲ್ವಿಚಾರಕರು: ‘ಈ ಪ್ರವಾಸಕ್ಕೆ ನಾನು ಒಪ್ಪಿದ್ದೆ. ಮೇಲೆ ಬರೆದ ಕೆಲಸ ಆಗಿದೆ.’
3. ಲೆಕ್ಕದವರು: ‘ಪ್ರತಿ ಸಾಲನ್ನೂ ಬಿಲ್ ಜೊತೆ ಹೋಲಿಸಿ ನೋಡಿದ್ದೇನೆ. ಕೂಡಿದ ಮೊತ್ತ ಸರಿ ಇದೆ.’
4. ಕಾರ್ಯದರ್ಶಿ: ‘ಮಂಜೂರು ₹ ______, ಅಕ್ಷರದಲ್ಲಿ ______.’

ಪ್ರತಿಯೊಂದರಲ್ಲೂ ಹೆಸರು, ಸಹಿ, ದಿನಾಂಕಕ್ಕೆ ಜಾಗ ಇರಲಿ. ಬರೀ ಸಹಿ ನೋಡಿ ಎರಡು ವರ್ಷದ ನಂತರ ಯಾರದು ಅಂತ ಹೇಳುವುದು ಕಷ್ಟ. 1, 2, 3, 4 ಅಂತ ಸಂಖ್ಯೆ ದಪ್ಪವಾಗಿ ಹಾಕಿ. ಕಾರ್ಯದರ್ಶಿ ಎದುರಿಗೆ ಸಿಕ್ಕರು ಅಂತ ಮೊದಲು ಅವರ ಸಹಿ ಹಾಕಿಸಿಕೊಂಡು ಬರುವುದು ಇದರಿಂದ ಕಡಿಮೆಯಾಗುತ್ತದೆ.

ಅಕ್ಷರದಲ್ಲಿ ಬರೆಯುವ ಮೊತ್ತ ಮಂಜೂರು ಮಾಡುವವರ ಕೈಬರಹದಲ್ಲೇ ಇರಬೇಕು. ಎಷ್ಟೋ ಫಾರ್ಮಿನಲ್ಲಿ ಇದನ್ನು ಖರ್ಚು ಮಾಡಿದವರಿಂದ ತುಂಬಿಸುತ್ತಾರೆ. ನಂತರ ಒಂದು ಬಿಲ್ ಕಡಿತವಾದರೆ ಅಕ್ಷರದ ಮೊತ್ತ ಒಂದು, ಅಂಕಿಯ ಮೊತ್ತ ಇನ್ನೊಂದು. ಫಾರ್ಮ್ ಮತ್ತೆ ಮೊದಲಿಂದ.

ವಾಪಸ್ ಕಳಿಸಲೂ ಒಂದು ಚೌಕ ಬೇಕು: ‘ವಾಪಸ್. ಸಾಲು ಸಂಖ್ಯೆ ___. ಕಾರಣ ______.’ ಇದಿಲ್ಲದಿದ್ದರೆ ಫಾರ್ಮ್ ಸುಮ್ನೆ ಯಾರದೋ ಟೇಬಲ್ ಮೇಲೆ ಕೂತುಬಿಡುತ್ತದೆ. ಕಾರಣ ಬಾಯಿಮಾತಿನಲ್ಲಿ ಕಳೆದುಹೋಗುತ್ತದೆ.

ಕಾರ್ಯದರ್ಶಿಯೇ ಪ್ರವಾಸ ಹೋದರೆ ಅವರ ಖರ್ಚನ್ನು ಅವರೇ ಮಂಜೂರು ಮಾಡುವಂತಿಲ್ಲ. ಆಗ ಖಜಾಂಚಿ ಅಥವಾ ಅಧ್ಯಕ್ಷರು ಸಹಿ ಹಾಕಬೇಕು ಅಂತ ಆ ಚೌಕದ ಕೆಳಗೇ ಬರೆದಿಡಿ.

ಹಣ ಕೈಗೆ ಕೊಡುವ ರೂಢಿ ಇದ್ದರೆ ಕೆಳಗೆ ‘₹____ ಪಡೆದಿದ್ದೇನೆ’ ಅಂತ ಇನ್ನೊಂದು ಚೌಕ ಬೇಕು. ₹5,000 ಮೀರಿದ ನಗದು ರಸೀದಿಗೆ ₹1ರ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ಆ ಸ್ಟಾಂಪಿನ ಅಳತೆಯ ಖಾಲಿ ಜಾಗ ಬಿಟ್ಟಿರಿ. ಮಂಜೂರಾತಿಯ ಸಹಿಯನ್ನೂ ಹಣ ಪಡೆದ ಸಹಿಯನ್ನೂ ಒಂದೇ ದಿನ ಹಾಕಿಸಿಕೊಳ್ಳಬೇಡಿ. ಹಣ ಕೈಗೆ ಬಂದ ದಿನವೇ ಪಡೆದ ಸಹಿ.

8. ತುಂಬಿ ನೋಡೋಣ

ಅದೇ ಹಾವೇರಿ ಪ್ರವಾಸ. ಜೂನ್ 12ಕ್ಕೆ ಹೊರಟು 13ಕ್ಕೆ ವಾಪಸ್. ಅಡ್ವಾನ್ಸ್ ₹1,500.

| ಕ್ರ.ಸಂ. | ದಿನಾಂಕ | ಯಾವುದಕ್ಕೆ | ಬಿಲ್ ಇಲ್ಲ | ಕೇಳಿದ್ದು ₹ | ಮಂಜೂರು ₹ |
|---|---|---|---|---|---|
| 1 | 12/06 | ಬಸ್, ಧಾರವಾಡ–ಹಾವೇರಿ, ಶೂನ್ಯ ಟಿಕೆಟ್ | | 0 | 0 |
| 2 | 12/06 | ಆಟೊ, ನಿಲ್ದಾಣದಿಂದ ಸಂಘದ ಕಚೇರಿ | ✓ | 60 | 60 |
| 3 | 12/06 | ಊಟ | | 120 | 120 |
| 4 | 12/06 | ಲಾಡ್ಜ್, 1 ರಾತ್ರಿ | | 900 | 800 |
| 5 | 13/06 | ಬಸ್, ಹಾವೇರಿ–ರಾಣೆಬೆನ್ನೂರು, ಶೂನ್ಯ ಟಿಕೆಟ್ | | 0 | 0 |
| 6 | 13/06 | ಊಟ | | 110 | 110 |
| 7 | 13/06 | ಜೆರಾಕ್ಸ್, ಸಂಘದ ಪುಸ್ತಕ | | 75 | 75 |
| 8 | 13/06 | ಬಸ್, ರಾಣೆಬೆನ್ನೂರು–ಧಾರವಾಡ, ಶೂನ್ಯ ಟಿಕೆಟ್ | | 0 | 0 |
| | | ಒಟ್ಟು | | 1,265 | 1,165 |

ಅವರು ಕೇಳಿದ್ದು ₹1,265. ಲಾಡ್ಜಿಗೆ ರಾತ್ರಿಗೆ ₹800 ಮಿತಿ ಅಂತ ಇಟ್ಟುಕೊಂಡರೆ ನಾಲ್ಕನೇ ಸಾಲಿನಲ್ಲಿ ₹100 ಕಡಿತ. ಮಂಜೂರಾದದ್ದು ₹1,165. ಅಡ್ವಾನ್ಸ್ ₹1,500 ಇದ್ದುದರಿಂದ ₹335 ಅವರು ವಾಪಸ್ ಕಟ್ಟಬೇಕು. ‘ಮಂಜೂರು’ ಕಾಲಂ ಪ್ರತಿ ಸಾಲಿಗೂ ಇರುವುದರಿಂದ ಎಲ್ಲಿ, ಎಷ್ಟು ಕಡಿತ ಆಯಿತು ಅಂತ ಅವರಿಗೆ ಕೇಳದೇ ಗೊತ್ತಾಗುತ್ತದೆ. ಒಟ್ಟು ಮೊತ್ತದಲ್ಲಿ ಮಾತ್ರ ಕಡಿತ ಮಾಡಿದ್ದರೆ ಒಂದು ಫೋನು, ಒಂದು ಬೇಸರ.

‘ಬರಬೇಕಾದದ್ದು’, ‘ಕಟ್ಟಬೇಕಾದದ್ದು’ ಎರಡನ್ನೂ ಮಂಜೂರಾದ ಮೊತ್ತದ ಮೇಲೆ ಲೆಕ್ಕ ಹಾಕಬೇಕು. ಆದ್ದರಿಂದ ಅವುಗಳಿಗೂ ಬೂದು ಬಣ್ಣ ಹಾಕಿ ಕಚೇರಿಯ ಭಾಗಕ್ಕೆ ಸೇರಿಸಿದೆವು. ಖಾಲಿ ಉಳಿದ 9, 10ನೇ ಸಾಲಿಗೆ ಅಡ್ಡಗೆರೆ ಎಳೆಯಲು ಪಟ್ಟಿಯ ಕೆಳಗೆ ಸೂಚನೆ ಇದೆ. ಸಹಿ ಆದ ಮೇಲೆ ಯಾರೂ ಅಲ್ಲಿ ಸಾಲು ಸೇರಿಸಲು ಆಗಬಾರದು.

ಎಕ್ಸೆಲ್‌ನಲ್ಲಿ ತುಂಬಿಸುವುದಾದರೆ ಕೂಡುವ ಕೆಲಸ ಶೀಟಿಗೇ ಬಿಡಿ. ಪಟ್ಟಿ 8ರಿಂದ 17ನೇ ಸಾಲಿನವರೆಗೆ, ಕೇಳಿದ ಮೊತ್ತ E ಕಾಲಂ, ಮಂಜೂರಾದದ್ದು F ಕಾಲಂ, ಒಟ್ಟು 18ನೇ ಸಾಲು, ಅಡ್ವಾನ್ಸ್ F19 ಅಂತ ಇಟ್ಟುಕೊಂಡರೆ, E18, F18, ಬರಬೇಕಾದದ್ದು, ಕಟ್ಟಬೇಕಾದದ್ದು ಈ ಕ್ರಮದಲ್ಲಿ ಹೀಗೆ:

```
=SUM(E8:E17)
=SUM(F8:F17)
=MAX(0,F18-F19)
=MAX(0,F19-F18)
```

ಕೊನೆಯ ಎರಡರಲ್ಲಿ ಯಾವಾಗಲೂ ಒಂದು ಸೊನ್ನೆ ಇರುತ್ತದೆ. ಉಲ್ಟಾ ಬರೆಯುವ ಪ್ರಶ್ನೆಯೇ ಇಲ್ಲ. ತುಂಬಬೇಕಾದ ಮನೆಗಳ ಲಾಕ್ ತೆಗೆದು, ಸೂತ್ರ ಇರುವ ಮನೆಗಳನ್ನು ಲಾಕ್ ಆಗಿಯೇ ಬಿಟ್ಟು ಶೀಟಿಗೆ ರಕ್ಷಣೆ ಹಾಕಿ. ಮಾದರಿ ಸಾಲನ್ನು 7ನೇ ಸಾಲಿನಲ್ಲೇ ಇಡಿ, ಸೂತ್ರದೊಳಗೆ ಬರುವುದಿಲ್ಲ.

9. ಮೂವರಿಂದ ತುಂಬಿಸಿ, ನೀವು ಬಾಯಿ ಮುಚ್ಚಿಕೊಂಡಿರಿ

ಅಚ್ಚಿಗೆ ಕೊಡುವ ಮುಂಚೆ ಮೂವರನ್ನು ಕರೆಯಿರಿ. ಹೊಸದಾಗಿ ಸೇರಿದವರು ಒಬ್ಬರು, ಓದು ಬರಹ ಕಷ್ಟಪಟ್ಟು ಮಾಡುವವರು ಒಬ್ಬರು, ಹಳಬರು ಒಬ್ಬರು. ಒಬ್ಬೊಬ್ಬರಿಗೂ ಒಂದು ಲಕೋಟೆಯಲ್ಲಿ ಬಿಲ್‌ಗಳನ್ನು ಹಾಕಿ ಕೊಡಿ. ಅದರಲ್ಲಿ ಒಂದು ಶೂನ್ಯ ಟಿಕೆಟ್ ಇರಲಿ, ಒಂದು ಖರ್ಚಿಗೆ ಬಿಲ್ ಇಲ್ಲದಿರಲಿ, ಅಡ್ವಾನ್ಸ್ ಖರ್ಚಿಗಿಂತ ಜಾಸ್ತಿ ಇರಲಿ. ತುಂಬಲು ಹೇಳಿ ಪಕ್ಕದಲ್ಲಿ ಕೂತುಕೊಳ್ಳಿ. ‘ಇಲ್ಲಿ ಏನು ಬರೀಬೇಕು?’ ಅಂತ ಕೇಳಿದರೆ ಉತ್ತರ ಹೇಳಬೇಡಿ, ‘ನಿಮಗೆ ಏನು ಅನ್ನಿಸ್ತದೆ ಬರೀರಿ’ ಅನ್ನಿ. ಪೆನ್ನು ಎಲ್ಲಿ ನಿಂತಿತು ಅಂತ ಗುರುತು ಮಾಡಿಕೊಳ್ಳಿ.

ನಮ್ಮಲ್ಲಿ ಇಬ್ಬರು ಹತ್ತನೇ ಸಾಲು ದಾಟಿದ ಮೇಲೆ ಏನು ಮಾಡಬೇಕು ಅಂತ ಕೇಳಿದರು. ನಾವು ಅದನ್ನು ಯೋಚಿಸಿರಲೇ ಇಲ್ಲ. ‘ಸಾಲು ಸಾಲದಿದ್ದರೆ ಇನ್ನೊಂದು ಫಾರ್ಮಿನ ಪಟ್ಟಿ ತುಂಬಿ, ಕ್ರಮಸಂಖ್ಯೆಯನ್ನು 11ರಿಂದ ಎಂದು ತಿದ್ದಿ’ ಅಂತ ಸೇರಿಸಿದೆವು. ‘ಪುಟ __ರಲ್ಲಿ __’ ಅಂತಲೂ ತಲೆಗೆ ಹಾಕಿದೆವು.

ತಿದ್ದಿದ ಮೇಲೆ ಕೆಳಗಿನ ಮೂಲೆಯಲ್ಲಿ ಫಾರ್ಮ್ ಮಾಡಿದ ತಿಂಗಳು, ವರ್ಷ ಸಣ್ಣದಾಗಿ ಮುದ್ರಿಸಿ. ಹೊಸ ಕಟ್ಟು ಬಂದ ದಿನ ಹಳೆಯ ಖಾಲಿ ಫಾರ್ಮ್‌ಗಳನ್ನೆಲ್ಲ ಡ್ರಾಯರ್‌ಗಳಿಂದ ತೆಗೆದುಬಿಡಿ. ಹತ್ತಿರದ ಜೆರಾಕ್ಸ್ ಅಂಗಡಿಯವರ ಹತ್ತಿರ ಇಟ್ಟಿರುವ ಮೂಲ ಪ್ರತಿಯನ್ನೂ ಬದಲಾಯಿಸಿ. ನಾವು ಅದನ್ನು ಮರೆತಿದ್ದೆವು. ಆರು ತಿಂಗಳು ‘ತಂದೆಯ ಹೆಸರು’ ಇರುವ ಫಾರ್ಮ್‌ಗಳು ಆ ಅಂಗಡಿಯಿಂದ ಬರುತ್ತಲೇ ಇದ್ದವು.